ಮೂರೂ ರೀಡಿಂಗ್ ಒಂದೇ ಬಂದರೂ ಉತ್ತರ ತಪ್ಪಿದ್ದ ಪ್ರಯೋಗ

ಆಕ್ಸಾಲಿಕ್ ಆಮ್ಲದಿಂದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಸಾರತೆ ಕಂಡುಹಿಡಿಯುವ ಟೈಟ್ರೇಶನ್ ತರಗತಿಗೆ ತೊಂಬತ್ತು ನಿಮಿಷ ಸಿಕ್ಕರೆ, ಕೊನೆಯ ಇಪ್ಪತ್ತೈದು ನಿಮಿಷವನ್ನು ದೋಷದ ಚರ್ಚೆಗೆ ಮೊದಲೇ ಎತ್ತಿಡಬೇಕು. ಇಲ್ಲದಿದ್ದರೆ ಗಂಟೆ ಹೊಡೆಯುವ ಹೊತ್ತಿಗೆ ಎಲ್ಲರ ಪುಸ್ತಕದಲ್ಲೂ ಅಂಕಿಗಳಷ್ಟೇ ಇರುತ್ತವೆ.

ಆವತ್ತಿನ ತಯಾರಿ ಸರಳವಾಗಿತ್ತು. 1.576 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಕರಗಿಸಿ ಸರಿಯಾಗಿ 250 ಮಿ.ಲೀ. ಮಾಡಿದರೆ 0.05 M ದ್ರಾವಣ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯ ಚೀಟಿಯಲ್ಲಿ 0.1 M ಎಂದಿತ್ತು, ಆದರೆ ಅದು ಅಂದಾಜು ಮಾತ್ರ. ಅದರ ಗುಳಿಗೆಗಳು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಳೆದುಕೊಳ್ಳುವುದರಿಂದ ತೂಕ ನೋಡಿ ನಿಖರ ದ್ರಾವಣ ಮಾಡಲಾಗುವುದಿಲ್ಲ. ಪ್ರಯೋಗ ಬೇಕಾಗುವುದೇ ಅದಕ್ಕೆ.

ಸುರಕ್ಷತೆಯನ್ನು ಹೇಳಿ ಮುಗಿಸುವುದಕ್ಕಿಂತ ಮಾಡಿ ತೋರಿಸುವುದು ಒಳ್ಳೆಯದು. ಎಲ್ಲರೂ ಕನ್ನಡಕ ಹಾಕುವವರೆಗೆ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಕ್ಷಾರ ಕಣ್ಣಿಗೆ ಬೀಳುವ ಸಂಭವ ಹೆಚ್ಚಿರುವುದು ಬ್ಯುರೆಟ್ ತುಂಬುವಾಗ. ಸ್ಟ್ಯಾಂಡ್ ಮೇಜಿನ ಮೇಲಿದ್ದರೆ ಲಾಳಿಕೆಯ ಬಾಯಿ ಹುಡುಗರ ತಲೆಗಿಂತ ಮೇಲಿರುತ್ತದೆ. ಸ್ಟ್ಯಾಂಡನ್ನು ನೆಲಕ್ಕಿಳಿಸಿ, ಲಾಳಿಕೆ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬಂದ ಮೇಲೆ ಸುರಿಯಬೇಕು. ಆಕ್ಸಾಲಿಕ್ ಆಮ್ಲ ವಿಷಕಾರಿ, ಹಾಗಾಗಿ ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬೇಕೇ ಬೇಕು, ಬಾಯಿಂದ ಎಳೆಯುವಂತಿಲ್ಲ. ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯುತ್ತಲೇ ವೈದ್ಯರಿಗೆ ತಿಳಿಸಬೇಕು. ಆ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ತರಗತಿಗೆ ಮೊದಲೇ ತಿರುಗಿಸಿ ನೋಡಿರಬೇಕು.

ಪ್ರಾತ್ಯಕ್ಷಿಕೆಯನ್ನು ಎರಡು ಸಲ ಮಾಡುವುದು ಉತ್ತಮ. ಮೊದಲ ಸಲ ಮಾತಿಲ್ಲದೆ, ಕೈಗಳನ್ನಷ್ಟೇ ನೋಡಲಿ. ಎರಡನೆಯ ಸಲ ನಿಧಾನವಾಗಿ, ಕಾರಣ ಹೇಳುತ್ತಾ: ಬ್ಯುರೆಟ್ಟನ್ನು ಕ್ಷಾರದಿಂದ, ಪಿಪೆಟ್ಟನ್ನು ಆಮ್ಲದಿಂದ, ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ನೀರಿನಿಂದ ತೊಳೆಯುವುದು, ತುದಿಯ ಗಾಳಿಗುಳ್ಳೆ ಹೋಗುವವರೆಗೆ ಸ್ವಲ್ಪ ದ್ರಾವಣ ಹರಿಸುವುದು, ಲಾಳಿಕೆ ತೆಗೆದೇ ಆರಂಭದ ರೀಡಿಂಗ್ ಬರೆಯುವುದು. ಫ್ಲಾಸ್ಕಿನಲ್ಲಿ 25 ಮಿ.ಲೀ. ಆಮ್ಲ, ಎರಡು ಹನಿ ಫಿನಾಲ್ಫ್ಥಲೀನ್, ಕೆಳಗೆ ಬಿಳಿ ಟೈಲ್. ಅರ್ಧ ನಿಮಿಷ ನಿಲ್ಲುವ ತೀರ ತೆಳು ಗುಲಾಬಿಯೇ ಕೊನೆಯ ಬಿಂದು. ಆಮೇಲೆ ಬೇಕೆಂದೇ ಇನ್ನೂ ಐದಾರು ಹನಿ ಬಿಟ್ಟು ಗಾಢ ಗುಲಾಬಿ ಮಾಡಿ, ಮೊದಲಿನ ಫ್ಲಾಸ್ಕಿನ ಪಕ್ಕದಲ್ಲೇ ಇಡುತ್ತೇವೆ. ಬಾಯಿಮಾತಿನಲ್ಲಿ ತಿಳಿಸಲಾಗದ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರಾತ್ಯಕ್ಷಿಕೆಗೆ ಬೇರೆ ಸಾರತೆಯ ದ್ರಾವಣ ಬಳಸಬೇಕು. ಮೇಷ್ಟ್ರ ಅಂಕಿ ಗೊತ್ತಾದರೆ ಮಕ್ಕಳ ಅಂಕಿ ಅದರ ಕಡೆಗೇ ವಾಲುತ್ತದೆ.

ಮಕ್ಕಳ ಸರದಿಯಲ್ಲಿ ಇಬ್ಬಿಬ್ಬರ ಜೋಡಿ ಸಾಕು. ಒಂದು ಒರಟು ಟೈಟ್ರೇಶನ್, ಆಮೇಲೆ 0.1 ಮಿ.ಲೀ. ಒಳಗೆ ಹೊಂದುವ ರೀಡಿಂಗ್ ಸಿಗುವವರೆಗೆ ಪ್ರಯತ್ನ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಲಿ.

ಕೊನೆಗೆ ಎಲ್ಲ ಅಂಕಿಗಳೂ ಬೋರ್ಡಿಗೆ ಬಂದವು. ಹೆಚ್ಚಿನ ಜೋಡಿಗಳಿಗೆ 24.30ರ ಆಸುಪಾಸು. ಒಂದು ಜೋಡಿಗೆ 24.90, 24.85, 24.90. ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಕ್ಷಾರ ಬೇಕಾಗುವುದರಿಂದ 25 ಮಿ.ಲೀ. ಆಮ್ಲಕ್ಕೆ 2.5 ಮಿಲಿಮೋಲ್ ಕ್ಷಾರ ಹಿಡಿಯುತ್ತದೆ. 2.5ನ್ನು 24.30ರಿಂದ ಭಾಗಿಸಿದರೆ 0.103 M, 24.90ರಿಂದ ಭಾಗಿಸಿದರೆ 0.100 M. ತರಗತಿಯ ಅರ್ಧದಷ್ಟು ಮಂದಿ ಎರಡನೆಯದೇ ಸರಿ ಎಂದರು: ರೀಡಿಂಗುಗಳು ಒಂದಕ್ಕೊಂದು ಹೊಂದುತ್ತವೆ, ಚೀಟಿಯ ಜೊತೆಗೂ ಹೊಂದುತ್ತದೆ!

ಇಲ್ಲಿ ಉತ್ತರ ಹೇಳಿಬಿಡಬಾರದು, ಲೆಕ್ಕ ಕೇಳಬೇಕು. ಬ್ಯುರೆಟ್ಟನ್ನು ಆರಂಭದಲ್ಲಿ, ಕೊನೆಯಲ್ಲಿ ಓದುವಾಗ ತಲಾ 0.05 ಮಿ.ಲೀ. ತಪ್ಪಿದರೂ ಒಟ್ಟು 0.10 ದಾಟದು. ಹಾಗಾದರೆ 0.6 ಎಲ್ಲಿಂದ ಬಂತು? ಬ್ಯುರೆಟ್ಟಿನಲ್ಲಿ ನೀರು ಉಳಿದಿತ್ತೇನೋ ಎಂದು ಒಬ್ಬಳು ಹೇಳಿದಳು. ಒಳ್ಳೆಯ ಊಹೆ. ಕ್ಷಾರ ತೆಳುವಾದರೆ ರೀಡಿಂಗ್ ಏರುವುದು ನಿಜ. ಆದರೆ ಆಗ ಬ್ಯುರೆಟ್ಟನ್ನು ಮತ್ತೆ ತುಂಬಿದ ಮೇಲೆ ಅಂಕಿ ಇಳಿಯಬೇಕಿತ್ತು, ಇಲ್ಲಿ ಇಳಿದಿಲ್ಲ. ಪ್ರತಿ ಸಲವೂ ಅಷ್ಟೇ ಆಗುವ ತಪ್ಪು ಯಾವುದು ಎಂದು ಕೇಳಿದಾಗ ಆ ಜೋಡಿಯ ಹುಡುಗನೇ ಎದ್ದು, "ಫ್ಲಾಸ್ಕನ್ನೂ ಪ್ರತಿ ಸಲ ಆಮ್ಲದಲ್ಲೇ ತೊಳೆದೆವು, ಸರ್" ಎಂದ. ಒಳಗೋಡೆಗೆ ಅಂಟಿ, ತಳದಲ್ಲಿ ಉಳಿದ ಸುಮಾರು 0.6 ಮಿ.ಲೀ. ಆಮ್ಲ ಪಿಪೆಟ್ ಅಳೆದದ್ದರ ಮೇಲೆ ಸೇರುತ್ತಿತ್ತು. ನೀರು ಉಳಿದಿದ್ದರೆ ತೊಂದರೆಯಿರಲಿಲ್ಲ, ಆಮ್ಲದ ಮೋಲ್‌ಗಳು ಅದರಿಂದ ಬದಲಾಗುವುದಿಲ್ಲ.

ಊಹೆಯನ್ನು ಅಲ್ಲೇ ಪರೀಕ್ಷಿಸಲು ಹತ್ತು ನಿಮಿಷ ಉಳಿದಿತ್ತು. ಫ್ಲಾಸ್ಕನ್ನು ಡಿಸ್ಟಿಲ್ಡ್ ನೀರಿನಿಂದ ಮಾತ್ರ ತೊಳೆದು ಅದೇ ಜೋಡಿ ಮತ್ತೆ ಮಾಡಿತು: 24.35. ಹಳೆಯ ಮೂರು ಅಂಕಿಗಳನ್ನು ಅಳಿಸದೆ, ಪಕ್ಕದಲ್ಲಿ ಕಾರಣವನ್ನೂ ದೋಷದ ದಿಕ್ಕನ್ನೂ ಬರೆದುಕೊಂಡರು: ಫ್ಲಾಸ್ಕಿನಲ್ಲಿ ಹೆಚ್ಚುವರಿ ಆಮ್ಲ, ರೀಡಿಂಗ್ ಹೆಚ್ಚು, ಲೆಕ್ಕದ ಸಾರತೆ ಕಡಿಮೆ.