ಬಿನ್, ಕೋಂ ಮತ್ತು ಮೂರು ತಾರೀಖು: ವೀಸಾಗೆ ಕನ್ನಡ ದಾಖಲೆಗಳ ಅನುವಾದ

ಅಮೆರಿಕದಲ್ಲಿರುವವರು ಊರಿನಲ್ಲಿರುವ ಹೆಂಡತಿಗೋ ಗಂಡನಿಗೋ ವಲಸೆ ವೀಸಾ ಅರ್ಜಿ ಹಾಕಿದಾಗ ಅವರ ಜನನ ಪ್ರಮಾಣಪತ್ರ ಮತ್ತು ಮದುವೆ ನೋಂದಣಿ ಪತ್ರ ಎರಡೂ ಬೇಕಾಗುತ್ತವೆ. ಈಚೆಗೆ ಕಂಪ್ಯೂಟರಿನಲ್ಲಿ ತೆಗೆದುಕೊಡುವ ಜನನ ಪತ್ರಗಳು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಆದರೆ ಹಳೆಯ ಪ್ರತಿಗಳಲ್ಲಿ ಶೀರ್ಷಿಕೆ ಎರಡು ಭಾಷೆಯಲ್ಲಿದ್ದರೂ ಕೈಯಲ್ಲಿ ತುಂಬಿದ ವಿವರ ಬರೀ ಕನ್ನಡದಲ್ಲಿರುತ್ತದೆ. ಅಂಥದ್ದಕ್ಕೆ ಅನುವಾದ ಬೇಕೇ ಬೇಕು.

ಅಮೆರಿಕದ ನಿಯಮ ಸರಳ. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ತನಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಬೇಕು. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಕೋರ್ಟ್ ಹತ್ತಿರ ನೋಟರಿ ಮೊಹರು ಹಾಕಿಸಿಕೊಂಡು ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ ಮಂದಿ. ನೋಟರಿ ಖಾತ್ರಿ ಮಾಡುವುದು ಸಹಿಯನ್ನು, ಅನುವಾದವನ್ನಲ್ಲ. ಮೊಹರಿದ್ದು ಅನುವಾದಕರ ಹೇಳಿಕೆ ಇಲ್ಲದಿದ್ದರೆ ಅದು ಪ್ರಮಾಣಿತ ಅನುವಾದ ಆಗುವುದಿಲ್ಲ. ಹೇಳಿಕೆಯ ಕೆಳಗೆ ಪೂರ್ಣ ಹೆಸರು, ವಿಳಾಸ, ಫೋನ್, ತಾರೀಖು ಹಾಕಿಸಿ. ಬ್ರಿಟನ್ನಿನವರು ತಾರೀಖು ಮತ್ತು ಸಂಪರ್ಕ ವಿವರವನ್ನೂ ಕೇಳುತ್ತಾರೆ. ಕೆನಡಾ ಅಂತೂ ಮನೆಯವರು ಮಾಡಿದ ಅನುವಾದವನ್ನು ಒಪ್ಪುವುದಿಲ್ಲ. ಹಾಗಾಗಿ ಎಲ್ಲಿಗೇ ಆದರೂ ಹೊರಗಿನವರಿಂದ ಮಾಡಿಸುವುದು ವಾಸಿ.

ತೊಂದರೆ ಬರುವುದು ಒಳಗಿನ ವಿವರದಲ್ಲಿ. ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಹಳ್ಳಿಯೊಂದರ ಕೈಬರಹದ ಜನನ ಪತ್ರ ಎಂದಿಟ್ಟುಕೊಳ್ಳಿ. ಹುಟ್ಟಿದ ದಿನ ‘೫-೮-೧೯೯೧’. ಕೈಬರಹದಲ್ಲಿ ೬ ಮತ್ತು ೯ ಬಹಳ ಮೋಸ ಮಾಡುತ್ತವೆ, ಬಾಲ ಎತ್ತ ತಿರುಗಿದೆ ಎಂಬುದರ ಮೇಲೆ ವರ್ಷವೇ ಬದಲಾಗಿಬಿಡುತ್ತದೆ. ಸಂಶಯ ಬಂದರೆ ಅದೇ ಹಾಳೆಯ ಬೇರೆ ತಾರೀಖು ನೋಡಿ. ಜನನ ಪತ್ರದಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ: ಹುಟ್ಟಿದ್ದು, ನೋಂದಾಯಿಸಿದ್ದು, ಪ್ರತಿ ಕೊಟ್ಟದ್ದು. ಹುಟ್ಟುವ ಮೊದಲೇ ನೋಂದಣಿ ಆದ ಹಾಗೆ ಕಂಡರೆ ಎಲ್ಲೋ ಅಂಕಿ ತಪ್ಪಾಗಿ ಓದಿದ್ದೀರಿ. ಅನುವಾದದಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 05/08/1991 ಎಂದು ಬರೆದರೆ ನಾವು ಆಗಸ್ಟ್ 5 ಎಂದು ಓದುತ್ತೇವೆ, ಅಮೆರಿಕದವರು ಮೇ 8 ಎಂದು ಓದುತ್ತಾರೆ. 5 August 1991 ಎಂದು ಅಕ್ಷರದಲ್ಲಿದ್ದರೆ ಗೊಂದಲವಿಲ್ಲ.

ಮುಂದಿನದು ನಮ್ಮ ಕಡೆಯ ಕಾಗದಪತ್ರಕ್ಕೇ ವಿಶೇಷವಾದದ್ದು. ‘ಪುಟ್ಟಸ್ವಾಮಿ ಬಿನ್ ಲೇಟ್ ಚಿಕ್ಕಣ್ಣ’ ಎಂದಿದ್ದರೆ ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ಇದು ಗೊತ್ತಿಲ್ಲದವರು ಬಿನ್ ಅನ್ನು ಹೆಸರಿನ ಭಾಗವೆಂದು ತಿಳಿದು ಹಾಗೇ ಇಳಿಸಿಬಿಡುತ್ತಾರೆ. ಆಗ ಪಾಸ್‌ಪೋರ್ಟಿನಲ್ಲಿರುವ ತಂದೆಯ ಹೆಸರಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಹೋಬಳಿ ಎಂಬುದನ್ನು ಮಾತ್ರ ಅನುವಾದಿಸದೆ Hobli ಎಂದೇ ಬಿಡುವುದು ಸರಿ.

ಹೆಸರಿನ ಕಾಗುಣಿತಕ್ಕೆ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಳ್ಳಿ. ಲಕ್ಷ್ಮಮ್ಮ ಎಂಬುದನ್ನು Lakshmamma ಎಂದೂ ಬರೆಯಬಹುದು, Laxmamma ಎಂದೂ ಬರೆಯಬಹುದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ ಬರೆಸಿ. ಆದರೆ ಇದಕ್ಕೆ ಒಂದು ಮಿತಿಯಿದೆ. ಪತ್ರದಲ್ಲಿ ಲಕ್ಷ್ಮಮ್ಮ, ಪಾಸ್‌ಪೋರ್ಟಿನಲ್ಲಿ ಲಕ್ಷ್ಮೀದೇವಿ ಎಂದಿದ್ದರೆ ಅನುವಾದಕರು ಲಕ್ಷ್ಮೀದೇವಿ ಎಂದು ಬರೆಯುವಂತಿಲ್ಲ. ಇನಿಷಿಯಲ್ ಬಿಡಿಸಿ ಬರೆಯುವುದೂ ಹಾಗೆಯೇ ತಪ್ಪು. ಮೂಲದಲ್ಲಿಯೇ ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ಹತ್ತಿರ ತಿದ್ದಿಸಬೇಕು. ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೂ ಉಂಟು. ಆಗ ಅನುವಾದದಲ್ಲೂ ಅದು ಖಾಲಿ ಎಂದೇ ಬರಬೇಕು. ಹೆಸರು ಸೇರಿಸಿದ ಹೊಸ ಪ್ರತಿ ಕೈಗೆ ಬಂದ ಮೇಲೆ ಅನುವಾದಕ್ಕೆ ಕೊಡುವುದು ಒಳ್ಳೆಯದು, ಇಲ್ಲದಿದ್ದರೆ ಎರಡು ಸಲ ಖರ್ಚು.

ಮದುವೆಗೆ ಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯ ಪತ್ರ. ಛತ್ರದ ರಸೀದಿ, ಲಗ್ನಪತ್ರಿಕೆ, ದೇವಸ್ಥಾನದ ಚೀಟಿ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ಇಲ್ಲೂ ಎರಡು ತಾರೀಖು: ಮದುವೆ ನಡೆದದ್ದು, ನೋಂದಣಿಯಾದದ್ದು. ಎಷ್ಟೋ ದಂಪತಿಗಳು ಮದುವೆಯಾಗಿ ವರ್ಷಗಳ ನಂತರ ನೋಂದಾಯಿಸಿರುತ್ತಾರೆ, ಅರ್ಜಿಯಲ್ಲಿ ಮಾತ್ರ ನೋಂದಣಿ ದಿನವನ್ನೇ ಮದುವೆ ದಿನವೆಂದು ತುಂಬಿರುತ್ತಾರೆ. ಅರ್ಜಿಗೆ ಮದುವೆ ನಡೆದ ದಿನ ಬೇಕು. ಊರಿನ ಹೆಸರೂ ಅಷ್ಟೆ: ಮೈಸೂರಿಗೆ ಇಂಗ್ಲಿಷಿನಲ್ಲಿ Mysuru ಎಂಬ ಅಧಿಕೃತ ಕಾಗುಣಿತ ಬಂದದ್ದು 2014ರ ನವೆಂಬರ್ 1ಕ್ಕೆ. ಹಳೆಯ ಪಾಸ್‌ಪೋರ್ಟಿನಲ್ಲಿ Mysore ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಒಂದೇ ಅನುವಾದದಲ್ಲಿ ಎರಡನ್ನೂ ಬೆರೆಸಬೇಡಿ.

ಪೂರ್ಣ ಎಂದರೆ ಹಾಳೆಯ ಮೇಲಿರುವುದೆಲ್ಲ. ದುಂಡು ಮೊಹರಿನೊಳಗಿನ ಅಕ್ಷರ, ಅಂಚಿನಲ್ಲಿ ಗೀಚಿದ ಷರಾ, ಹಿಂಬದಿಯ ಸಹಿ, ನೋಂದಣಿ ಸಂಖ್ಯೆ ಯಾವುದನ್ನೂ ಬಿಡುವ ಹಾಗಿಲ್ಲ. ಮೊಹರು ಮಸುಕಾಗಿದ್ದರೆ ಊಹಿಸಿ ತುಂಬದೆ, ಆ ಜಾಗದಲ್ಲಿ ‘ಓದಲಾಗುತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆಸಿ. ಕೊನೆಗೆ ಮೂಲ, ಅನುವಾದ, ಅನುವಾದಕರ ಹೇಳಿಕೆ ಮೂರನ್ನೂ ಒಂದೇ ಫೈಲಿನಲ್ಲಿ ಸ್ಕ್ಯಾನ್ ಮಾಡಿ. ಮೂಲದ ಹಿಂಬದಿಯಲ್ಲಿ ಏನಾದರೂ ಇದ್ದರೆ ಅದನ್ನೂ ಮರೆಯಬೇಡಿ. ಸಂದರ್ಶನದ ದಿನ ಮೂಲಪ್ರತಿ ಕೈಯಲ್ಲಿರಲಿ.