ಚಿನ್ನುವಿನ ಬರ್ತ್‌ಡೇ ಸ್ಟೇಟಸ್: ಮೂರನೇ ಸಲಕ್ಕೆ ಸರಿ ಹೋಯಿತು

ಮೇ 14, ಗುರುವಾರ. ಮಗಳ ಮೊದಲ ಹುಟ್ಟುಹಬ್ಬ 24ಕ್ಕೆ, ಮನೆಯಲ್ಲೇ. ಕಾರ್ಡ್ ಅಚ್ಚು ಹಾಕಿಸದೆ ವಾಟ್ಸಪ್ ಸ್ಟೇಟಸ್‌ನಲ್ಲೇ ಕರೆಯೋಣ ಎಂದುಕೊಂಡೆ. ರಾತ್ರಿ ಕೂತು ಫೋನಿನಲ್ಲೇ ಚಿತ್ರ ಮಾಡಿದೆ. ದೊಡ್ಡದಾಗಿ ಚಿನ್ನುವಿನ ಫೋಟೊ, ಕೆಳಗೆ ಸಣ್ಣಕ್ಷರದಲ್ಲಿ ದಿನ, ವಿಳಾಸ.

ಮೇ 15. ಬೆಳಗ್ಗೆಯಿಂದ ‘ಹ್ಯಾಪಿ ಬರ್ತ್‌ಡೇ ಚಿನ್ನು’ ಅಂತ ಸಂದೇಶ ಬರತೊಡಗಿದವು. ಎಲ್ಲರೂ ಫೋಟೊ ನೋಡಿದ್ದಾರೆ, ದಿನ ಓದಿಲ್ಲ. ಅವರದೇನು ತಪ್ಪು? ಹೆಂಡತಿಯ ಫೋನಿನಲ್ಲಿ ತೆರೆದು ನೋಡಿದೆ. ಉದ್ದನೆಯ ಚಿತ್ರವಾದ್ದರಿಂದ ಕೆಳಗಿನ ವಿಳಾಸ ಉತ್ತರ ಬರೆಯುವ ಜಾಗದ ಹಿಂದೆ ಅಡಗಿತ್ತು. ಮೇಲಿನ ಸಾಲಿನ ಮೇಲೆ ನನ್ನ ಹೆಸರೇ ಕೂತಿತ್ತು.

ಎರಡನೇ ಸಲ ಫೋಟೊ ಚಿಕ್ಕದು ಮಾಡಿ, ದಿನವನ್ನು ನಡುವೆ ದೊಡ್ಡದಾಗಿ ಬರೆದೆ. ಮೇಲೆ, ಕೆಳಗೆ ಖಾಲಿ ಬಿಟ್ಟೆ. ಹಾಕಿದ ಮೇಲೆ ಕಣ್ಣಿನ ಗುರುತು ಒತ್ತಿ ಯಾರು ನೋಡಿದ್ದಾರೆ ಅಂತ ನೋಡಿದರೆ ಹಾಲಿನವರು, ಗ್ಯಾಸಿನವರು, ಒಮ್ಮೆ ನಲ್ಲಿ ರಿಪೇರಿಗೆ ಬಂದವರು! ಮನೆ ವಿಳಾಸ, ಮಗುವಿನ ಮುಖ ಎರಡೂ ಇಷ್ಟು ಜನಕ್ಕೆ ಬೇಕಿರಲಿಲ್ಲ. ತೆಗೆದುಹಾಕಿದೆ.

ಮೇ 17. ಸ್ಟೇಟಸ್ ಪ್ರೈವಸಿಯಲ್ಲಿ `Only share with` ಆರಿಸಿ, ಕರೆಯಬೇಕಾದವರಿಗಷ್ಟೇ ಟಿಕ್ ಹಾಕಿದೆ. ಈ ಬದಲಾವಣೆ ಮುಂದೆ ಹಾಕುವ ಸ್ಟೇಟಸ್‌ಗೆ ಮಾತ್ರ. ಹಳೆಯದಕ್ಕೆ ತಾಗುವುದಿಲ್ಲ. ಹಾಗಾಗಿ ಮೊದಲು ಸೆಟ್ಟಿಂಗ್, ಆಮೇಲೆ ಸ್ಟೇಟಸ್. ಈ ಸಲ ಚಿತ್ರದಲ್ಲಿ ಬರೆದದ್ದು ಇಷ್ಟೇ:

‘ಮೇ 24, ಭಾನುವಾರ, ಸಂಜೆ 6:30. ಚಿನ್ನುಗೆ ಒಂದು ವರ್ಷ ತುಂಬ್ತದ. ಮನ್ಯಾಗೇ ಕೇಕ್, ಆಮ್ಯಾಲ ಊಟ. ಎಲ್ಲಾರೂ ಬರ್ರಿ. ಎಷ್ಟ್ ಮಂದಿ ಬರ್ತೀರಿ ಅಂತ 21ರೊಳಗ ತಿಳಿಸ್ರಿ. ಉಡುಗೊರೆ ಬ್ಯಾಡ.’

ವಿಳಾಸ ಹಾಕಲಿಲ್ಲ. ಕೇಳಿದವರಿಗೆ ಲೊಕೇಶನ್ ಕಳಿಸಿದರಾಯಿತು. 6:30 ಯಾಕೆ ಅಂದರೆ, ಮೇ ತಿಂಗಳ ಕಲಬುರಗಿಯಲ್ಲಿ ಅದಕ್ಕೂ ಮೊದಲು ಮಾಳಿಗೆ ಮೇಲೆ ಕಾಲಿಡಲಾಗದು. ಮಗುವಿನ ಮಧ್ಯಾಹ್ನದ ನಿದ್ದೆಯೂ ಅಷ್ಟೊತ್ತಿಗೆ ಮುಗಿದಿರುತ್ತದೆ.

ಮೇ 18. ನೋಡಿದವರು 41. ಬರುತ್ತೇವೆ ಅಂದವರು 9. ಕೈ ಮುಗಿದ ಚಿತ್ರವನ್ನಷ್ಟೇ ಕಳಿಸಿದವರು 14. ಆ 14 ಜನ ಬರ್ತಾರೋ ಇಲ್ಲವೋ ದೇವರೇ ಬಲ್ಲ. ಇಷ್ಟರಿಂದ ರೊಟ್ಟಿ ಲೆಕ್ಕ ಹಾಕಲಾಗುವುದಿಲ್ಲ. 24 ಗಂಟೆಗೆ ಸ್ಟೇಟಸ್ ಮಾಯ ಬೇರೆ. ಹಾಗಾಗಿ 20ಕ್ಕೆ ಅದೇ ಚಿತ್ರ ಮತ್ತೊಮ್ಮೆ ಹಾಕಬೇಕು.

ಪಟ್ಟಿಯಲ್ಲಿ ಸೋದರತ್ತೆಯ ಹೆಸರೇ ಇಲ್ಲ. ನನ್ನ ಹೊಸ ನಂಬರ್ ಅವರು ಸೇವ್ ಮಾಡಿಕೊಂಡಿಲ್ಲ, ಹಾಗಿದ್ದರೆ ನಾನು ಹಾಕಿದ್ದು ಅವರಿಗೆ ಕಾಣುವುದೇ ಇಲ್ಲ. ಫೋನ್ ಮಾಡಿದೆ.

‘ಸ್ಟೇಟಸ್ ನೋಡಿ ಬರಾಕ ನಾ ಏನ್ ಹೊರಗಿನಾಕಿ ಏನಪಾ?’ ಅಂದರು.

‘ಇಲ್ರಿ ಅತ್ತಿ, ಅದಕ್ಕೇ ಫೋನ್ ಮಾಡೀನಿ.’

‘ಶೇಂಗಾ ಹೋಳಿಗಿ ನಾ ಮಾಡಿ ತರ್ತೀನಿ. ಎಷ್ಟ್ ಮಂದಿ?’

ಅದೇ ಗೊತ್ತಿಲ್ಲ. ನಾಳೆ ಹಿರಿಯರಿಗೆಲ್ಲ ಫೋನು, ಕೈ ಮುಗಿದ 14 ಜನಕ್ಕೂ ಒಂದೊಂದು.