ಪದಗೋಡೆ, ಚಿತ್ರಕಾರ್ಡು, ಮತ್ತೆ ಈ "ಕಟ್ ಮಾಡು"

"ಮೇಡಂ, ಕ್ಲಾಸ್ ಗೋಡೆ ತುಂಬ ಪದ ಅಂಟಿಸಿದೀನಿ, ಮಕ್ಕಳು ಓದ್ತಾರೆ ಕೂಡ, ಆದ್ರೆ ಮಾತಾಡುವಾಗ ಒಂದೂ ಬಳಸಲ್ಲ. ಏನ್ ಮಾಡ್ಲಿ?"

ನಾನಾದ್ರೆ ಮೊದಲು ಗೋಡೆಯಿಂದ ಮುಕ್ಕಾಲು ಪಾಲು ಪದ ತೆಗೀತೀನಿ. ಅರವತ್ತು ಪದ ಒಟ್ಟಿಗೆ ನೇತಾಡ್ತಿದ್ರೆ ಮಕ್ಕಳಿಗೆ ಅದು ಹಬ್ಬದ ತೋರಣ ಇದ್ದಂಗೆ, ಎರಡು ದಿನ ನೋಡ್ತಾರೆ, ಆಮೇಲೆ ಕಣ್ಣಿಗೇ ಬೀಳಲ್ಲ. ವಾರಕ್ಕೆ ಐದಾರು ಹೊಸ ಪದ ಸಾಕು, ಗೋಡೆ ಮೇಲೆ ಒಟ್ಟು ಇಪ್ಪತ್ತು ದಾಟಬಾರದು, ಮತ್ತೆ ಅದು ಮಕ್ಕಳ ಕೈಗೆ ಎಟುಕಬೇಕು. ನಲಿ-ಕಲಿ ಕೋಣೇಲಿ ಮೇಲೆ ದಾರ ಕಟ್ಟಿ ಚಪ್ಪರ ಮಾಡಿರ್ತೀವಲ್ಲ, ಅಲ್ಲಿ ಮಕ್ಕಳ ಚಿತ್ರ ಚೆನ್ನಾಗಿರುತ್ತೆ, ಪದಕ್ಕೆ ಅದು ಜಾಗ ಅಲ್ಲ. ಪದವನ್ನ ಮಗು ಎದ್ದು ಹೋಗಿ ಕಿತ್ಕೊಂಡು ಬರೋ ಹಾಗಿರಬೇಕು, ಅದಕ್ಕೆ ಗಮ್ ಹಾಕಿ ಅಂಟಿಸೋದು ಬೇಡ, ಕೆಳಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ.

ಇನ್ನು ಯಾವ ಪದ ಅಂತ. ನಮ್ಮ ಶಾಲೆ ಬೆಂಗಳೂರಿನ ಅಂಚಲ್ಲಿದೆ, ಮನೇಲಿ ಕನ್ನಡ ಮಾತಾಡೋರು, ತೆಲುಗು, ಉರ್ದು ಮಾತಾಡೋರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಎಲ್ಲ ಇದಾರೆ. ಇವರ ಮಾತು ಕಿವಿ ಕೊಟ್ಟು ಕೇಳಿದ್ರೆ ಒಂದು ವಿಷಯ ಗೊತ್ತಾಗುತ್ತೆ, ವಸ್ತುಗಳ ಹೆಸರು ಎಲ್ಲರಿಗೂ ಹೆಂಗೋ ಬಂದ್ಬಿಡುತ್ತೆ, ಕ್ರಿಯಾಪದಾನೇ ಬರಲ್ಲ. ಕಟ್ ಮಾಡು, ಮಿಕ್ಸ್ ಮಾಡು, ಕ್ಲೀನ್ ಮಾಡು, ಓಪನ್ ಮಾಡು, ಇಷ್ಟರಲ್ಲೇ ಇಡೀ ದಿನ ಕಳೆದುಹೋಗುತ್ತೆ. (ಮನೆ ಕನ್ನಡದ ಮಕ್ಕಳೂ ಇದರಲ್ಲಿ ಕಡಿಮೆ ಇಲ್ಲ.) ಅದಕ್ಕೇ ನಾನು ಗೋಡೆ ಶುರು ಮಾಡೋದು ಕ್ರಿಯಾಪದದಿಂದ, ಅದೂ ಚಿತ್ರಾನ್ನದಿಂದ: ಸುಲಿ, ಹೆಚ್ಚು, ಹುರಿ, ಹಿಂಡು, ಹರವು, ಕಲಸು.

ಒಂದೇ ಕೆಲಸದ ಸುತ್ತ ಇರೋ ಪದ ತಗೊಳೋದಕ್ಕೆ ಕಾರಣ ಇದೆ. ಹಣ್ಣುಗಳೆಲ್ಲ ಒಂದು ಚಾರ್ಟ್, ಬಣ್ಣಗಳೆಲ್ಲ ಇನ್ನೊಂದು ಚಾರ್ಟ್ ಅಂತ ಒಂದೇ ಜಾತಿಯವನ್ನ ಗುಂಪು ಹಾಕಿ ಕಲಿಸಿದ್ರೆ ಹೊಸ ಪದಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗುತ್ತೆ, ಟಿಂಕಮ್ ಅನ್ನೋ ಸಂಶೋಧಕರು 1993ರಲ್ಲಿ, ಆಮೇಲೆ 1997ರಲ್ಲಿ ಪ್ರಯೋಗ ಮಾಡಿ ಇದನ್ನೇ ತೋರಿಸಿದ್ರು, ಒಂದು ಸನ್ನಿವೇಶಕ್ಕೆ ಸೇರಿದ ಪದಗಳು ಸಲೀಸಾಗಿ ಹತ್ತುತ್ತವೆ ಅಂತಾನೂ. ಕನ್ನಡದಲ್ಲಿ ಇದರ ಜೊತೆ ಸದ್ದಿನ ಕಾಟ ಬೇರೆ. ಹುರಿ ಮತ್ತೆ ತುರಿ ಒಂದೇ ವಾರ ಹಾಕಿ ನೋಡಿ, ಅರ್ಧ ಕ್ಲಾಸ್ ಕಾಯಿ ಹುರಿಯುತ್ತೆ, ಇನ್ನರ್ಧ ಕಡ್ಲೆಬೀಜ ತುರಿಯುತ್ತೆ. ಹುರಿ ಗಟ್ಟಿ ಆದ್ಮೇಲೆ ಎರಡನೇ ವಾರ ಕೋಸಂಬರಿ ತನ್ನಿ, ನೆನೆಸು, ಬಸಿ, ಸೀಳು, ತುರಿ ಹೊಸದಾಗಿ ಬರುತ್ತೆ, ಹೆಚ್ಚು, ಹಿಂಡು, ಕಲಸು ಹಳೇವು ತಾವಾಗೇ ವಾಪಸ್ ಬರುತ್ತವೆ, ಬೇರೆ ರಿವಿಜನ್ ಅಂತ ಕೂರೋದೇ ಬೇಡ.

ಕಾರ್ಡಿಗೆ ಹಳೇ ಮದುವೆ ಕಾರ್ಡೇ ಬೆಸ್ಟು, ದಪ್ಪ ಇರುತ್ತೆ, ದುಡ್ಡೂ ಇಲ್ಲ. ಆದ್ರೆ ನಿಂಬೆಹಣ್ಣಿನ ಚಿತ್ರ ಬರೆದು "ಹಿಂಡು" ಅಂದ್ರೆ ಮಗು ನಿಂಬೆಹಣ್ಣು ಅಂತಾನೇ ಹೇಳುತ್ತೆ, ಅದರದ್ದೇನೂ ತಪ್ಪಿಲ್ಲ. ಚಿತ್ರದಲ್ಲಿ ಕೈ ಇರಬೇಕು, ಬೆರಳು ಒತ್ತಿರಬೇಕು, ಕೆಳಗೆ ಹನಿ ಬೀಳ್ತಿರಬೇಕು. ಪ್ರತಿ ಪದಕ್ಕೆ ಎರಡು ಬೇರೆ ಬೇರೆ ಚಿತ್ರ ಮಾಡಿ, ಹಿಂಡುಗೆ ಒಂದು ನಿಂಬೆಹಣ್ಣು, ಒಂದು ಒದ್ದೆ ಬಟ್ಟೆ, ಇಲ್ಲಾಂದ್ರೆ ಆ ಪದ ನಿಂಬೆಹಣ್ಣಿಗೇ ಅಂಟ್ಕೊಂಡು ಅಲ್ಲೇ ಉಳಿಯುತ್ತೆ. ಚಿತ್ರದ ಕೆಳಗೆ ಪದ ಬರೀಬೇಡಿ. ಬರೆದ್ರೆ ಮಗು ಓದುತ್ತೆ, ನೆನಪು ಮಾಡ್ಕೊಳಲ್ಲ, ನಮಗೆ ಬೇಕಿರೋದು ನೆನಪಿಂದ ಎಳೆದು ತರೋ ಆ ಕಷ್ಟ. ಪದ ಕಾರ್ಡಿನ ಬೆನ್ನಿಗಿರಲಿ.

ಆಟಕ್ಕೆ ಬರೋಣ, ನಿಮ್ಮ ಸಮಸ್ಯೆ ಇರೋದು ಇಲ್ಲೇ ಅನ್ಸುತ್ತೆ. ಜಾಸ್ತಿ ಜನ ಆಡಿಸೋದು ನಟನೆ ಆಟ, ಒಬ್ಬರು ಮಾಡಿ ತೋರಿಸೋದು ಉಳಿದವರು ಹೇಳೋದು, ಗಲಾಟೆ ಚೆನ್ನಾಗಿರುತ್ತೆ ಆದ್ರೆ ಯಾವಾಗ್ಲೂ ಅದೇ ಮೂರು ಮಕ್ಕಳು ಕೂಗ್ತಾರೆ, ಅದೂ ಒಂದೇ ಪದದಲ್ಲಿ. ನಾನು ಅದನ್ನ ಸೋಮವಾರಕ್ಕೆ ಮಾತ್ರ ಇಟ್ಕೊಂಡಿದೀನಿ, ಪದ ಪರಿಚಯಕ್ಕೆ. ನಿಜವಾದ ಕೆಲಸ ಬ್ಯಾಗ್ ಆಟದ್ದು. ಇಬ್ಬರು ಎದುರುಬದುರು ಕೂತ್ಕೊಳ್ತಾರೆ, ಮಧ್ಯ ಸ್ಕೂಲ್ ಬ್ಯಾಗ್ ಅಡ್ಡ, ಇಬ್ಬರ ಹತ್ರಾನೂ ಒಂದೇ ಥರದ ಆರು ಕಾರ್ಡು. ಒಬ್ಬಳು ತನ್ನ ಕಾರ್ಡನ್ನ ಸಾಲಾಗಿ ಜೋಡಿಸಿ ಬಾಯಲ್ಲಿ ಹೇಳ್ತಾಳೆ, ಇನ್ನೊಬ್ಬ ನೋಡದೆ ಅದೇ ಸಾಲು ಮಾಡಬೇಕು, ಕೊನೇಲಿ ಬ್ಯಾಗ್ ಎತ್ತಿ ತಾಳೆ ನೋಡೋದು. ಗೋಡೆ ನೋಡಬಹುದು, ಕೈ ಮಾಡಿ ತೋರಿಸೋ ಹಾಗಿಲ್ಲ.

ಇದರಲ್ಲಿ ಗುಟ್ಟು ಇರೋದು ಯಾವ ಕಾರ್ಡ್ ಕೊಡ್ತೀವಿ ಅನ್ನೋದರಲ್ಲಿ. ಆರೂ ಬೇರೆ ಬೇರೆ ವಸ್ತು ಇದ್ರೆ "ನಿಂಬೆಹಣ್ಣಿಂದು ಇಡು" ಅಂದ್ರೆ ಆಟ ಮುಗೀತು, ಕ್ರಿಯಾಪದದ ಅಗತ್ಯಾನೇ ಬೀಳಲ್ಲ. ಅದಕ್ಕೆ ಎರಡನೇ ವಾರ ಸೀಳು ಕಲಿತಾದ್ಮೇಲೆ ಹಸಿಮೆಣಸಿನಕಾಯಿದೇ ಎರಡು ಕಾರ್ಡ್ ಹಾಕ್ತೀನಿ, ಒಂದರಲ್ಲಿ ಉದ್ದಕ್ಕೆ ಸೀಳ್ತಿರೋದು, ಇನ್ನೊಂದರಲ್ಲಿ ಸಣ್ಣಗೆ ಹೆಚ್ಚುತಿರೋದು. ಆಗ ಹಿಂಗೆ ನಡೆಯುತ್ತೆ:

"ಮೆಣಸಿನ್ಕಾಯಿ ಕಟ್ ಮಾಡೋದು ಇಡೋ."
"ಯಾವ್ದೇ? ಎರಡರಲ್ಲೂ ಕಟ್ ಮಾಡ್ತಾವ್ರೆ."
"ಅದೇ... ಉದ್ದಕ್ಕೆ..." ಗೋಡೆ ಕಡೆ ತಿರುಗ್ತಾಳೆ. "ಸೀಳೋದು! ಸೀಳ್ತಾಳಲ್ಲ, ಅದು."

ಇಲ್ಲಿ ಟೀಚರ್ ಬಾಯೇ ಹಾಕಿಲ್ಲ ನೋಡಿ. "ಕಟ್ ಮಾಡೋದು" ಅನ್ನೋದು ಕೆಲಸಕ್ಕೆ ಬರಲಿಲ್ಲ, ಪದ ಬೇಕಾಯ್ತು, ಹೋಗಿ ತಗೊಂಡ್ಳು. ಸೀಳು, ಸೀಳೋದು, ಸೀಳಿದ, ಯಾವ ರೂಪದಲ್ಲಿ ಬಂದ್ರೂ ಲೆಕ್ಕಕ್ಕೆ ತಗೊಳ್ಳಿ. ಯಾದಗಿರಿ ಕಡೆ ಹುಡುಗ ಈರುಳ್ಳಿಗೆ ಉಳ್ಳಾಗಡ್ಡಿ ಅಂದ್ರೆ ಅನ್ಲಿ, ಜೊತೆಯವಳಿಗೂ ಒಂದು ಪದ ಜಾಸ್ತಿ ಸಿಗುತ್ತೆ. ಕನ್ನಡ ಇನ್ನೂ ಬರದ ಮಕ್ಕಳನ್ನ ಮೊದಲ ವಾರ ಕೇಳಿಸ್ಕೊಂಡು ಜೋಡಿಸೋ ಕಡೆ ಕೂರಿಸಿ, ಹೇಳೋ ಕಡೆ ಆಮೇಲೆ.

ಬಂತೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತೆ ಅಂದ್ರೆ, ಶುಕ್ರವಾರ ಗೋಡೆಗೆ ನ್ಯೂಸ್ ಪೇಪರ್ ಮುಚ್ಚಿ, ಆಟದಲ್ಲಿ ಬಳಸದ ಆ ಎರಡನೇ ಚಿತ್ರ ತೋರಿಸಿ "ಏನ್ ಮಾಡ್ತಿದಾಳೆ?" ಅಂತ ಒಬ್ಬೊಬ್ಬರನ್ನೇ ಕೇಳ್ತೀನಿ. "ಬಟ್ಟೆ ಹಿಂಡ್ತಾವ್ಳೆ" ಅಂತ ತಡವರಿಸದೆ ಬಂದ್ರೆ ಸರಿ. "ಬಟ್ಟೆ... ಪ್ರೆಸ್..." ಅಂತಿದ್ರೆ ಪದ ಇನ್ನೂ ನಿಂಬೆಹಣ್ಣಲ್ಲೇ ಇದೆ ಅಂತ ಅರ್ಥ. ಇದಕ್ಕಿಂತ ಒಳ್ಳೇ ಪರೀಕ್ಷೆ ಬಿಸಿಯೂಟದ ಹೊತ್ತಲ್ಲಿ ಪುಕ್ಕಟೆ ಸಿಗುತ್ತೆ. ಮೊಟ್ಟೆ ಕೊಡೋ ದಿನ ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ, "ಮಿಸ್, ಓಪನ್ ಮಾಡ್ಕೊಡಿ" ಅಂತಿದ್ದ ಮಗು "ಸುಲ್ಕೊಡಿ" ಅಂದ್ರೆ ಆ ಪದಕ್ಕೆ ಗೋಡೆ ಮೇಲೆ ಇನ್ನು ಕೆಲಸ ಇಲ್ಲ.

ಅಂಥ ಪದ ಕಿತ್ತು ಒಂದು ಡಬ್ಬಿಗೆ ಹಾಕಿ. ಹಾಕಿ ಮರೆತ್ರೆ ತಿಂಗಳಲ್ಲಿ ಅರ್ಧ ಹೋಗಿರುತ್ತೆ, ಅದಕ್ಕೆ ಪ್ರತಿ ಸೋಮವಾರ ಡಬ್ಬಿಯಿಂದ ನಾಲ್ಕೈದು ಎತ್ತಿ ಹೊಸ ಆಟದೊಳಗೆ ಸೇರಿಸಿ, ಬರದೇ ಇದ್ದದ್ದು ಮತ್ತೆ ಗೋಡೆಗೆ.

ಇದು ಮಾತಿಗೆ ಅಷ್ಟೇ, ಬರಹದಲ್ಲಿ ತಪ್ಪಿಲ್ಲದೆ ಬರೆಯೋಕೆ ಬೇರೆ ಅಭ್ಯಾಸ ಬೇಕೇ ಬೇಕು. ಮತ್ತೆ ಪಾಠದಲ್ಲಿ ಬರೋ ಉಪಾಯ, ಧೈರ್ಯ, ಅಸೂಯೆ ಇಂಥದ್ದಕ್ಕೆ ಚಿತ್ರಕಾರ್ಡ್ ಮಾಡೋಕೆ ಹೋಗ್ಬೇಡಿ, ಅಸೂಯೆಗೆ ಅಂತ ಮುಖ ಬರೆದ್ರೆ ಮಕ್ಕಳು "ಕೋಪ" ಅಂತಾರೆ, ಇನ್ನೊಬ್ಬ "ಹೊಟ್ಟೆನೋವು" ಅಂತಾನೆ. ಅದಕ್ಕೆಲ್ಲ ಕಥೆ ಹೇಳಿ, ನರಿ ಯಾಕೆ ಹಂಗ್ ಮಾಡ್ತು ಅಂತ ಜಗಳ ಆಡೋಕೆ ಬಿಡಿ, ಪದ ಮಾತ್ರ ಗೋಡೆ ಮೇಲಿರಲಿ.